ಮೂರನೇ ಸಲ, ಲಿಂಟಲ್ ಮಟ್ಟದಿಂದ

ಇಪ್ಪತ್ತೊಂದು ವರ್ಷ ಆಸ್ಪತ್ರೆ ಕಟ್ಟಿದವಳಿಗೆ ಆಸ್ಪತ್ರೆ ಕಟ್ಟಲು ಬರುತ್ತದೆ ಅಂತ ಹೇಳುವ ಒಂದು ಹಾಳೆ ಬೇಕಾಯಿತು. ಸೈಟಿನವರೆಲ್ಲ ಮೇಸ್ತ್ರಿಯಮ್ಮ ಅಂತಲೇ ಕರೆಯುವ ಈ ಮೇಲ್ವಿಚಾರಕಿಗೆ ಕಂಪನಿ ಹೇಳಿದ್ದು ಇಷ್ಟೇ: ಯೋಜನಾ ನಿರ್ವಹಣೆಯ ಪರೀಕ್ಷೆ ಪಾಸಾದರೆ ಹೊಸ ಹೆರಿಗೆ ವಾರ್ಡಿನ ಮ್ಯಾನೇಜರ್ ನೀವು, ಇಲ್ಲದಿದ್ದರೆ ಸರ್ಟಿಫಿಕೇಟ್ ಇರುವ ಆ ಹೊಸ ಎಂಜಿನಿಯರ್. ತೂಗುಗುಂಡು ಹಿಡಿದು ಗೋಡೆ ನೆಟ್ಟಗಿದೆಯಾ ನೋಡುವುದನ್ನು ಆತನಿಗೆ ಕಲಿಸಿದ್ದೇ ಇವಳು. ಈ ಅನ್ಯಾಯಕ್ಕೆ ಕಂಪನಿಯವರು ಇಟ್ಟ ಹೆಸರು ಗುಣಮಟ್ಟ.

ವರ್ಷಕ್ಕೆ ಮೂರೇ ಅವಕಾಶ. ಎರಡು ಮುಗಿದಿದ್ದವು.

ಮೊದಲ ಸಲ ಅವಳು ಪರೀಕ್ಷೆಯನ್ನು ಸೈಟ್ ಅಂದುಕೊಂಡಳು. ಇಬ್ಬರು ಜಗಳವಾಡುತ್ತಿದ್ದಾರೆ, ಮ್ಯಾನೇಜರ್ ಮೊದಲು ಏನು ಮಾಡಬೇಕು ಅಂತ ಕಂಪ್ಯೂಟರ್ ಪರದೆ ಕೇಳಿದರೆ, ತಪ್ಪು ಯಾರದೆಂದು ತಾನೇ ತೀರ್ಪು ಕೊಡುವ ಉತ್ತರ ಒತ್ತಿದಳು. ಗ್ರಾಹಕ ಗೋಡೆ ಸರಿಸಿ ಅಂದರೆ, ಸರಿಸಿಯೇಬಿಟ್ಟಳು.

"ಅತ್ತಿಗೆ, ನೀವು ಉತ್ತರ ಬರೀತಿಲ್ಲ, ಕೂಲಿ ಆಳಿಗೆ ಕೆಲಸ ಹೇಳ್ತಿದ್ದೀರಿ," ಅಂದಳು ನಾದಿನಿ. ಅವಳು ಈ ಪರೀಕ್ಷೆ ಎರಡು ವರ್ಷದ ಹಿಂದೆ ಮುಗಿಸಿದ್ದಳು, ಅದನ್ನು ಮರೆಯಲು ಯಾರನ್ನೂ ಬಿಟ್ಟಿರಲಿಲ್ಲ. "ಮೊದಲು ಕೇಳಬೇಕು. ಇಬ್ಬರನ್ನೂ ಕೂರಿಸಿ ಕಾರಣ ಏನು ಅಂತ ತಿಳ್ಕೋಬೇಕು. ಬದಲಾವಣೆ ಬಂದರೆ ಅದರಿಂದ ದಿನ, ಖರ್ಚು, ಕೆಲಸ ಎಷ್ಟು ಏರುಪೇರಾಗುತ್ತೆ ನೋಡಬೇಕು. ಆಮೇಲೆ ಒಪ್ಪಿಗೆ ಕೊಡೋ ಸಮಿತಿಗೆ ಅರ್ಜಿ. ಅವರು ಹೂಂ ಅಂದ ಮೇಲೆ ಗೋಡೆ."

"ಅಷ್ಟು ಹೊತ್ತಿಗೆ ಗಾರೆ ಒಣಗಿರುತ್ತೆ."

"ಒಣಗಲಿ. ಪರೀಕ್ಷೆಯಲ್ಲಿ ಗಾರೆ ಇಲ್ಲ."

ಎರಡನೇ ಸಲ ಪಾಠ ತಲೆಗೇರಿತು, ಏರಿದ್ದು ಇಳಿಯಲಿಲ್ಲ. ಎಲ್ಲೆಲ್ಲಿ ಬದಲಾವಣೆ ಕಂಡಿತೋ ಅಲ್ಲೆಲ್ಲ 'ಪರಿಣಾಮ ಪರಿಶೀಲಿಸಿ', ಎಲ್ಲೆಲ್ಲಿ ಜಗಳವೋ ಅಲ್ಲೆಲ್ಲ 'ಕೂತು ಮಾತಾಡಿ'. ಮತ್ತೆ ಫೇಲು. ಗಂಡ ಸಮಾಧಾನ ಹೇಳಲು ಬಂದು, ಅವಳ ಮುಖ ನೋಡಿ, ಬಂದ ದಾರಿಯಲ್ಲೇ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದ.

ಮೂರನೇ ಪರೀಕ್ಷೆಯ ವಾರ, ಊಟದ ಮೇಜಿನ ಮೇಲೆ ನಾದಿನಿ ಒಂದು ಪ್ರಶ್ನೆ ಓದಿದಳು. ಬದಲಾವಣೆ ಕೇಳಿದ್ದಾರೆ, ತಂಡ ಪರಿಣಾಮವನ್ನೆಲ್ಲ ಲೆಕ್ಕಹಾಕಿ ಮುಗಿಸಿದೆ, ಮ್ಯಾನೇಜರ್ ಮುಂದೇನು ಮಾಡಬೇಕು?

"ಪರಿಣಾಮ ಪರಿಶೀಲಿಸಬೇಕು," ಅಂದಳು ಮೇಸ್ತ್ರಿಯಮ್ಮ, ಗಿಳಿಯ ಹಾಗೆ.

ನಾದಿನಿ ಪುಸ್ತಕ ಕೆಳಗಿಟ್ಟಳು. "ಅತ್ತಿಗೆ, ಬೆಳಿಗ್ಗೆ ಸೈಟಿಗೆ ಹೋಗ್ತೀರಿ. ಗೋಡೆ ಬಾಗಿಲ ತಲೆಯವರೆಗೆ, ಲಿಂಟಲ್ ಮಟ್ಟಕ್ಕೆ ಬಂದಿದೆ. ಪಾಯ ತೋಡಿಸ್ತೀರಾ?"

"ನನಗೇನು ತಲೆ ಕೆಟ್ಟಿದೆಯಾ?"

"ಮತ್ತೆ ಈಗ ತೋಡಿದ್ದೇನು?"

ಮೇಸ್ತ್ರಿಯಮ್ಮ ಪುಸ್ತಕ ಎಳೆದುಕೊಂಡು 'ಲೆಕ್ಕಹಾಕಿ ಮುಗಿಸಿದೆ' ಅನ್ನುವುದನ್ನು ಮತ್ತೆ ಓದಿದಳು. ಆಮೇಲೆ ನಗಲು ಶುರುಮಾಡಿದಳು. ಮೇಜು ಅಲುಗಿತು, ಲೋಟ ಉರುಳಿತು, ಗಂಡ ಒಳಗಿಂದ ಇಣುಕಿ ಏನಾಯ್ತೇ ಅಂದ. "ಏನಿಲ್ಲ ರೀ," ಅಂದಳು ಕಣ್ಣೊರೆಸಿಕೊಳ್ಳುತ್ತ, "ಆರು ತಿಂಗಳು ಬರೀ ಪಾಯ ತೋಡಿದೆ."

ಪರೀಕ್ಷೆಯ ದಿನ ಮೊಬೈಲು, ಗಡಿಯಾರ ಎಲ್ಲ ಲಾಕರಿಗೆ ಹಾಕಿ ಕೂತಳು. ಒಂದೊಂದು ಪ್ರಶ್ನೆಗೂ ಮೊದಲು ಮನಸ್ಸಿನಲ್ಲಿ ಸೈಟು ಸುತ್ತಿದಳು: ಕೆಲಸ ಎಲ್ಲಿಗೆ ಬಂದಿದೆ? ಗ್ರಾಹಕ ಈಗಷ್ಟೇ ಬಾಯಿ ತೆರೆದಿದ್ದಾನೆ. ಹಾಗಾದರೆ ಪರಿಣಾಮ ನೋಡು. ನೋಡಿಯಾಗಿದೆ, ಸಮಿತಿಗೆ ಕಳಿಸು. ಸಮಿತಿ ಒಪ್ಪಿದೆ; ಯೋಜನೆ ತಿದ್ದು, ಸಂಬಂಧಪಟ್ಟವರಿಗೆ ತಿಳಿಸು, ಕೆಲಸ ಹಚ್ಚು. ಇಬ್ಬರು ಕಚ್ಚಾಡುತ್ತಿದ್ದಾರೆ, ಯಾರೂ ಇನ್ನೂ ಮಾತಾಡಿಸಿಲ್ಲ, ಮಾತಾಡಿಸು. ಮಾತಾಡಿಸಿಯಾಗಿದೆ, ಬಗೆಹರಿದಿಲ್ಲ, ತೀರ್ಮಾನ ಮ್ಯಾನೇಜರ್ ಅಧಿಕಾರದ ಆಚೆಗಿದೆ. ಆಗ ಮಾತ್ರ ಮೇಲಿನವರ ಬಾಗಿಲು ತಟ್ಟು. ತೊಂಬತ್ತನೆಯ ಪ್ರಶ್ನೆಯೋ ಏನೋ ಬಂದಾಗ, ತೋಡಿದ ಪಾಯವೆಲ್ಲ ನೆನಪಾಗಿ ನಗು ಉಕ್ಕಿತು. ಪರೀಕ್ಷಾ ಕೋಣೆಯ ಕಾವಲಿನವಳು ತಲೆ ಎತ್ತಿದಳು. ಮೇಸ್ತ್ರಿಯಮ್ಮ ಅದನ್ನು ಕೆಮ್ಮು ಮಾಡಿದಳು.

ಪರದೆ ಕೊನೆಗೆ ಪಾಸು ಅಂದಿತು. ಅವಳು ಅದನ್ನು ಮೂರು ಸಲ ಓದಿದಳು. ಎರಡು ಸಲ ಮೋಸಹೋದವಳು.

ಲಾಕರಿನಿಂದ ತೆಗೆದ ಮೊಬೈಲಿನಲ್ಲಿ ಹನ್ನೊಂದು ಕರೆ, ಎಲ್ಲವೂ ಸೈಟಿನ ಎಲೆಕ್ಟ್ರಿಷಿಯನ್‌ನದು. ಕರೆ ಮಾಡಿದಳು.

"ಮೇಡಂ, ನನ್ನ ವೈರು ಹೋಗೋ ಜಾಗದಲ್ಲಿ ಈ ಪ್ಲಂಬರ್ ಪೈಪು ಬಿಟ್ಟಿದ್ದಾನೆ. ತೆಗಿ ಅಂತ ಒಂದು ಮಾತು ಹೇಳಿಬಿಡಿ."

"ಅವನ ಹತ್ರ ನೀನು ಮಾತಾಡಿದೆಯಾ?"

"ಬೈದೆ."

"ಬೈದಿದ್ದು ಲೆಕ್ಕಕ್ಕಿಲ್ಲ. ನಕ್ಷೆ ಹರವಿಕೊಂಡು ಇಬ್ಬರೂ ಕೂತು ಮಾತಾಡಿ. ಬಗೆಹರೀದಿದ್ರೆ ನನಗೆ ಹೇಳು."

ಎಲೆಕ್ಟ್ರಿಷಿಯನ್ ದನಿ ತಗ್ಗಿಸಿದ.

"ಮೇಡಂ, ನೀವು ಹುಷಾರಾಗಿದ್ದೀರಿ ತಾನೆ?"

"ಇದ್ದೀನಿ ಕಣೋ. ಹೆರಿಗೆ ವಾರ್ಡೂ ನಮ್ಮದೇ," ಅಂದಳು ಮೇಸ್ತ್ರಿಯಮ್ಮ, ಬಿಸಿಲಿಗೆ ಇಳಿಯುತ್ತ.