ಘಾಟಿನ ಏರಿಗೆ ಎಷ್ಟು ಸಿಸಿ

ಹಾಲಿನ ಸಂಘವೊಂದರಲ್ಲಿ ನನಗೆ ದನದ ಡಾಕ್ಟರ್ ಕೆಲಸ ಸಿಕ್ಕಿತು. ಪುಣೆಯ ದಕ್ಷಿಣಕ್ಕೆ, ಘಾಟು ದಾಟಿದ ಮೇಲಿನ ಹಳ್ಳಿಗಳು ನನ್ನ ಪಾಲಿಗೆ ಬಂದವು. ಊರಿನ ಸ್ವಾರಗೇಟ್ ನಿಲ್ದಾಣದಿಂದ ಬಸ್ಸಿದ್ದರೂ ಅದು ದೊಡ್ಡ ರಸ್ತೆಯಲ್ಲೇ ಇಳಿಸಿ ಹೋಗುತ್ತದೆ. ಕೊಟ್ಟಿಗೆಗಳು ಇರುವುದು ಅಲ್ಲಿಂದ ಬಹಳ ಒಳಗೆ. ಅಂತೂ ಬೈಕು ಬೇಕೇ ಬೇಕಾಯಿತು, ಮನೆಯಲ್ಲಿ ವಾದ ಶುರುವಾಯಿತು.

"ನೂರು ಸಿಸಿ ಸಾಕು. ಹಗರ ಇರ್ತದ, ಎಣ್ಣಿ ಕಡಿಮಿ ಕುಡೀತದ, ಯಾವ ಹಳ್ಯಾಗರ ರಿಪೇರಿ ಆಗ್ತದ," ಎಂದರು ಅಪ್ಪ. ಧಾರವಾಡದಿಂದ ಪುಣೆಗೆ ಬಂದಾಗಿನಿಂದ ಅವರು ಓಡಿಸಿದ್ದು ನೂರರ ಗಾಡಿಯನ್ನೇ. ವಿಮಾನ ನಗರದಲ್ಲಿ ಕೆಲಸ ಮಾಡುವ ದೊಡ್ಡಪ್ಪನ ಮಗ ನಕ್ಕ. "ಘಾಟಿನ್ಯಾಗ ಅದು ಉಸಿರು ಬಿಡ್ತದ, ಕಾಕಾ. ಆಕಿ ಮುನ್ನೂರೈವತ್ತು ತೊಗೊಳ್ಳಲಿ."

ಮಾತಿನಲ್ಲಿ ತೀರ್ಮಾನವಾಗುವ ಸಂಗತಿಯಾಗಿರಲಿಲ್ಲ. ಒಂದು ಮಳೆಯ ಭಾನುವಾರ ಅಪ್ಪನ ಗಾಡಿಗೆ ಔಷಧದ ಪೆಟ್ಟಿಗೆ ಕಟ್ಟಿ, ಹಿಂದೆ ಅಪ್ಪನನ್ನು ಕೂರಿಸಿಕೊಂಡು ಹೊರಟೆ. ಬಯಲಿನಲ್ಲಿ ಗಾಡಿ ಹೂವಿನಂತೆ ಓಡಿತು. ಏರು ಬಂದಾಗ ನಾಲ್ಕನೇ ಗೇರಿನಿಂದ ಮೂರಕ್ಕೆ ಇಳಿಸಿದೆ. ಮುಂದೆ ಜಲ್ಲಿ ತುಂಬಿದ ಟಿಪ್ಪರ್ ತೆವಳುತ್ತಿತ್ತು, ಅದರ ಹೊಗೆ ಮುಖಕ್ಕೇ ಬಡಿಯುತ್ತಿತ್ತು. ರಸ್ತೆ ನೇರವಾಗಿತ್ತು, ಎದುರಿಗೆ ಯಾರೂ ಇರಲಿಲ್ಲ. ಬಲಕ್ಕೆ ತೆಗೆದೆ.

ಆಕ್ಸಿಲರೇಟರ್ ಪೂರ್ತಿ ತಿರುವಿದ್ದರೂ ವೇಗ ಏರಲಿಲ್ಲ. ಎರಡಕ್ಕೆ ಇಳಿಸಿದೆ. ಎಂಜಿನ್ನು ಅರಚಿತು, ಅಷ್ಟೇ. ಟಿಪ್ಪರಿನ ಹಿಂಚಕ್ರದ ಪಕ್ಕದಲ್ಲೇ ನಾವು ಅಂಟಿಕೊಂಡಂತಾಯಿತು. ಆಗ ಮೇಲಿನ ತಿರುವಿನಿಂದ ಒಂದು ಬಸ್ಸು ಇಳಿದು ಬಂತು.

"ಹಿಂದ ಸರಿ! ಹಿಂದ ಸರಿ!" ಅಪ್ಪ ನನ್ನ ಭುಜ ಹಿಸುಕಿದರು.

ಆಕ್ಸಿಲರೇಟರ್ ಬಿಟ್ಟು ಟಿಪ್ಪರಿನ ಹಿಂದಕ್ಕೆ ತೂರಿಕೊಂಡೆ. ಬಸ್ಸಿನ ಗಾಳಿಗೆ ಗಾಡಿ ಅಲುಗಿತು. ಮೇಲೆ ಹೋಗಿ ಗಾಡಿ ನಿಲ್ಲಿಸಿದೆ. ಅಪ್ಪ ಇಳಿದು ಟೋಪಿಯ ನೀರು ಒರೆಸಿದರು.

ಮುಂದಿನ ವಾರ ಆ ದೊಡ್ಡಪ್ಪನ ಮಗ ಅಣ್ಣನ ಮುನ್ನೂರೈವತ್ತನ್ನು ಓಡಿಸಿದೆ, ಅಣ್ಣ ಹಿಂದೆ ಕೂತ. ಅದೇ ಏರನ್ನು ಆ ಗಾಡಿ ಗೇರು ಬದಲಿಸದೆಯೇ ಹತ್ತಿತು. ಲಾರಿಗಳನ್ನು ದಾಟುವುದು ಆಟವಾಯಿತು. ಇದೇ ಸರಿ ಅಂದುಕೊಂಡೆ, ಡಾಂಬರು ಮುಗಿಯುವವರೆಗೂ.

ಆಮೇಲೆ ಹಳ್ಳದ ಕಡೆಗೆ ಇಳಿಯುವ ಎರೆಮಣ್ಣಿನ ದಾರಿ. ಅಣ್ಣ ಇಳಿದು ನಡೆಯತೊಡಗಿದ. ನಾನು ಒಂದನೇ ಗೇರಿನಲ್ಲಿ ನಿಧಾನ ಬಿಟ್ಟೆ. ಮುಂದಿನ ಗಾಲಿ ಜಾರಿತು. ಕಾಲು ಊರಿದೆ, ಆದರೆ ನನಗಿಂತ ಮೂರು ಪಟ್ಟು ತೂಕದ ಕಬ್ಬಿಣ ಒಮ್ಮೆ ವಾಲಿದ ಮೇಲೆ ಹಿಡಿಯಲಾಗುವುದೇ? ಇಬ್ಬರೂ ಬಿದ್ದೆವು, ಗಾಡಿ ಮತ್ತು ನಾನು. ಮುಂದಿನ ಲೆಗ್‌ಗಾರ್ಡು ನೆಲಕ್ಕೆ ತಾಗಿ ನನ್ನ ಕಾಲು ಉಳಿಯಿತು. ಎದ್ದು ಎತ್ತಲು ನೋಡಿದೆ. ಮಿಸುಕಲಿಲ್ಲ. ಅಣ್ಣ ಬಂದು ಕೈಹಚ್ಚಿದರೂ ಇಬ್ಬರೂ ಏದುಸಿರು ಬಿಟ್ಟೆವು.

"ದಿನಾ ಈ ದಾರಿಗೆ ನೀ ಒಬ್ಬಾಕೀನ ಬರಾಕಿ?" ಎಂದು ಕೇಳಿದ. ಈ ಸಲ ನಗಲಿಲ್ಲ.

ರಜೆಗೆ ಹೊರಟ ಸಹೋದ್ಯೋಗಿಯೊಬ್ಬರು ತಮ್ಮ ನೂರೈವತ್ತು ಸಿಸಿ ಬೈಕನ್ನು ನನಗೆ ಬಿಟ್ಟು ಹೋಗಿದ್ದರು. ಅದನ್ನು ಇನ್ನೂ ಪರೀಕ್ಷಿಸಿಯೇ ಇರಲಿಲ್ಲ, ಅಷ್ಟರಲ್ಲಿ ಹಳ್ಳದಾಚೆಯ ಮನೆಯಿಂದ ಫೋನು ಬಂತು. ಆಕಳು ಬೆಳಗಿನಿಂದ ತಿಣುಕುತ್ತಿದೆ, ಕರುವಿನ ಒಂದೇ ಕಾಲು ಹೊರಗೆ ಕಾಣುತ್ತಿದೆ ಎಂದು ಆ ಮನೆಯ ಹೆಂಗಸು ಮರಾಠಿಯಲ್ಲಿ ಅಳುತ್ತ ಹೇಳಿದಳು.

"ನಾನೂ ಬರ್ತೀನಿ," ಎಂದು ಅಪ್ಪ ಪೆಟ್ಟಿಗೆ ಎತ್ತಿಕೊಂಡರು.

ಘಾಟಿನಲ್ಲಿ ಮತ್ತೆ ಒಂದು ಲಾರಿ. ನೇರ ದಾರಿ ಪೂರ್ತಿ ಕಾಣುವವರೆಗೂ ಕಾದು, ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ತಿರುವಿದೆ. ಗಾಡಿ ಹಾರಲಿಲ್ಲ, ಆದರೆ ಎಳೆಯಿತು. ಲಾರಿ ಹಿಂದೆ ಬಿತ್ತು. ಅಪ್ಪನ ಹಿಡಿತ ಸಡಿಲಾದದ್ದು ಭುಜಕ್ಕೆ ಗೊತ್ತಾಯಿತು.

ಎರೆಮಣ್ಣಿನ ಇಳಿಜಾರಿನಲ್ಲಿ ಇದೂ ಜಾರಿತು. ಎರಡೂ ಕಾಲು ನೆಲಕ್ಕೆ ಒತ್ತಿ ತಡೆದೆ. ತೋಳು ಸೆಳೆಯಿತು, ಆದರೆ ಗಾಡಿ ನಿಂತಿತು. ಹಿಂದಿನಿಂದ ಅಪ್ಪ ಇಳಿದರು, ಉಳಿದ ದಾರಿಯನ್ನು ಗಾಡಿ ತಳ್ಳುತ್ತ, ತಡೆಯುತ್ತ ದಾಟಿದೆವು.

ಕೊಟ್ಟಿಗೆಯಲ್ಲಿ ಆಕಳು ಕತ್ತು ಚಾಚಿ ಮಲಗಿತ್ತು. ಮಡಚಿಕೊಂಡಿದ್ದ ಇನ್ನೊಂದು ಕಾಲನ್ನು ಒಳಗೆ ಕೈಹಾಕಿ ನೇರ ಮಾಡುವಷ್ಟರಲ್ಲಿ ನನ್ನ ಭುಜ ಸೋತುಹೋಯಿತು. ಅಪ್ಪ ಬಾಲ ಹಿಡಿದು ನಿಂತಿದ್ದರು. ಆಕಳು ತಿಣುಕಿದಾಗ ನಾನೂ ಆ ಹೆಂಗಸೂ ಕರುವಿನ ಕಾಲಿಗೆ ಕಟ್ಟಿದ ಹಗ್ಗ ಎಳೆದೆವು. ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಸ್ವಲ್ಪ ಹೊತ್ತು ಅಲುಗಲಿಲ್ಲ. ಮೂಗಿನ ಲೋಳೆ ಒರೆಸಿ, ಪಕ್ಕೆ ತಿಕ್ಕಿದೆ. ಕೊನೆಗೆ ಸೀನಿತು.

ಹೊರಗೆ ಕೈ ತೊಳೆಯುವಾಗ ಅಪ್ಪ ಕೆಸರಾದ ಬೈಕಿನ ಸುತ್ತ ಒಂದು ಸುತ್ತು ಬಂದರು.

"ಇದ ಸರಿ ಅದ," ಎಂದರು. ಆಮೇಲೆ ಸಂಕೋಚದಿಂದ, "ಡಾಂಬರು ಬಂದ ಮ್ಯಾಲೆ ನಾ ಸ್ವಲ್ಪ ಓಡಸ್ಲೇನವಾ?"

ಡಾಂಬರಿಗೆ ಬಂದ ಮೇಲೆ ಗಾಡಿ ನಿಲ್ಲಿಸಿ, ಇಳಿದು, ಕೀಲಿ ಕೊಟ್ಟೆ.