ಪುಸ್ತಕದಂಗಡಿಗೆ ನಾಗೇಂದ್ರರ ಮೂವತ್ತು ಸೆಕೆಂಡು

ನಂಜನಗೂಡಿನ ನಾಗೇಂದ್ರ ಇಪ್ಪತ್ತು ವರ್ಷ ಆಟೋದಲ್ಲಿ ಮೈಕ್ ಹಿಡಿದು ಕೂಗಿದವರು. ಸೀರೆ ಮಾರಾಟವಿರಲಿ, ಕಣ್ಣಿನ ಶಿಬಿರವಿರಲಿ, ಎಲ್ಲವನ್ನೂ ಎರಡೆರಡು ಸಲ ಹೇಳುವುದು ಅವರ ಪದ್ಧತಿ. ಆಟೋ ಓಡುತ್ತಲೇ ಇರುತ್ತದಲ್ಲ, ಮೊದಲ ಮನೆಗೆ ಕೇಳಿದ್ದು ಮೂರನೆಯ ಮನೆಗೂ ಕೇಳಬೇಕು. ಈಗ ಆಟೋದವರು ಪೆನ್‌ಡ್ರೈವ್ ಚುಚ್ಚಿಕೊಂಡು ಹೋಗುತ್ತಾರೆ. ಟಿ. ನರಸೀಪುರದ ಮಧುಶ್ರೀ ತನ್ನ ಪಾಡ್‌ಕಾಸ್ಟಿಗೆ ಜೊತೆಮಾತಿಗೆ ಕರೆದಾಗ ನಾಗೇಂದ್ರರಿಗೆ ಮತ್ತೆ ಮೈಕ್ ಸಿಕ್ಕಿತು.

ಅದು ಉಳಿಯುವುದು ಈಗ ಒಂದು ಜಾಹೀರಾತಿನ ಮೇಲೆ ನಿಂತಿತ್ತು. ಪುಸ್ತಕದಂಗಡಿಯ ಗುರುಮಲ್ಲಪ್ಪ ಇಡೀ ಸೀಸನ್ನಿಗೆ ಪ್ರಾಯೋಜಕರಾಗಲು ಒಪ್ಪಿದ್ದರು, ಆದರೆ ಮೊದಲು ಮೂವತ್ತು ಸೆಕೆಂಡಿನ ಮಾದರಿ ಕೇಳಬೇಕು, ಅದು ಓದಿದಂತಿರಬಾರದು ಎಂದಿದ್ದರು. ಅವರಿಲ್ಲದೆ ಪಾಡ್‌ಕಾಸ್ಟ್ ನಡೆಯುವಂತಿರಲಿಲ್ಲ.

ಹೊರಗಿನ ಸದ್ದು ಬರದಂತೆ ಕಂಬಳಿ ತೂಗುಹಾಕಿದ ಕೋಣೆಯಲ್ಲಿ ನಾಗೇಂದ್ರ ಚೀಟಿ ಹಿಡಿದು ಶುರುಮಾಡಿದರು. "ಮಾನ್ಯರೇ, ಮಹಾಜನಗಳೇ" ಎಂಬುದು ಎರಡು ಸಲ ಮುಗಿಯುವಷ್ಟರಲ್ಲಿ ಅರ್ಧ ಸಮಯ ಹೋಗಿತ್ತು. ಮೂವತ್ತು ಸೆಕೆಂಡಾದರೂ ಅಂಗಡಿಯ ಹೆಸರು ಬರಲಿಲ್ಲ. ಎರಡನೆಯ ಸಲ ಹೆಸರು ಬಂತು, ಕೂಗಿದ ಅಬ್ಬರಕ್ಕೆ ಕಂಬಳಿಯೂ ಕೆಳಗೆ ಬಿತ್ತು.

ಮಧುಶ್ರೀ ಚೀಟಿ ಕಿತ್ತುಕೊಂಡಳು. "ನಾಗೇಂದ್ರಣ್ಣ, ನೀವು ಆ ಅಂಗಡಿಗೆ ಯಾವತ್ತಾದ್ರೂ ಓಗಿದ್ದೀರಾ?"

"ಮುಂದ್ಗಡೆ ನೂರು ಸಲ ಓಗಿದ್ದೀನಿ ಅಮ್ಮಣ್ಣಿ. ಆಟೋದಲ್ಲಿ."

ಒಳಗೆ ಹೋಗಿಬನ್ನಿ ಎಂದು ಕಳಿಸಿದಳು. ಮೂರು ದಿನ ಬಿಟ್ಟು ಬಂದರು. ಈ ಸಲ ಚೀಟಿಯಲ್ಲಿ ನಾಲ್ಕೇ ಅಂಶ ಬರೆದಿದ್ದಳು: ಪ್ರಾಯೋಜಕರ ಹೆಸರು, ನೀವು ಕಂಡದ್ದು, ಬೇಕಾದ ಪುಸ್ತಕ ತರಿಸುವುದು, ರಿಯಾಯಿತಿ. ಮೈಕಿಗಲ್ಲ, ನನಗೆ ಹೇಳಿ ಎಂದು ಎದುರಿಗೆ ಕುಳಿತಳು. ನಾಗೇಂದ್ರ ಬಾಯಿ ತೆರೆದರು.

"ಇವತ್ತಿನ ನಮ್ ಪ್ರಾಯೋಜಕರು ನಂಜನಗೂಡಿನ ಗುರುಮಲ್ಲಪ್ಪನವರ ಪುಸ್ತಕದಂಗಡಿ. ಮೊನ್ನೆ ಓಗಿದ್ದೆ ಕಣಮ್ಮಣ್ಣಿ, ಆಡು ಸಾಕಣೆ ಪುಸ್ತಕ ಸಿಕ್ತು. ನನ್ ತಾವ ಆಡಿಲ್ಲ. ಆದ್ರೂ ನಿಂತ್ಕಂಡೇ ಓದ್ತಿದ್ದೆ, ಸ್ಟೂಲ್ ಕೊಟ್ರು. ಮೂರನೇ ಅಧ್ಯಾಯದೊತ್ಗೆ ಮರಿಗಳ್ಗೆ ಇಡೋಕೆ ಎಸ್ರು ಉಡುಕ್ತಿದ್ದೆ. ಒಸಿ ಓಗಿ ನೋಡಿ. ಬೇಕಾದ್ ಪುಸ್ತಕ ಇಲ್ದಿದ್ರೆ ತರಿಸ್ಕೊಡ್ತಾರೆ. ಪಾಡ್‌ಕಾಸ್ಟ್ ಕೇಳ್ದೋ ಅಂದ್ರೆ ಹತ್ತು ಪರ್ಸೆಂಟ್ ಕಮ್ಮಿ."

ಇಪ್ಪತ್ತೊಂಬತ್ತು ಸೆಕೆಂಡು. ಇನ್ನೊಮ್ಮೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಧುಶ್ರೀ ರೆಕಾರ್ಡಿಂಗ್ ನಿಲ್ಲಿಸಿದ್ದಳು.

ಗುರುಮಲ್ಲಪ್ಪ ಅಂಗಡಿಯಲ್ಲೇ ಫೋನಿನಲ್ಲಿ ಕೇಳಿದರು. ನಾಗೇಂದ್ರ ಎದುರಿಗೇ ಕೈಕಟ್ಟಿ ನಿಂತಿದ್ದರು. ಮಾಲೀಕರು ಇದರಲ್ಲಿ ಜಾಹೀರಾತು ಎಲ್ಲಿದೆ ಎಂದು ಮುಖ ಸಿಂಡರಿಸುತ್ತಿರುವಾಗ, ಗಲ್ಲಾದಲ್ಲಿದ್ದ ಅವರ ಹೆಂಡತಿ ಫೋನಿನ ಕಡೆಗೇ ಬಾಗಿದರು.

"ಅಲ್ಲ ಕಣಪ್ಪ, ಆಡೇ ಇಲ್ದೆ ಎಸ್ರು ಯಾಕ್ ಉಡುಕ್ತೀಯ?"

ಎದುರಿಗೇ ನಿಂತ ನಾಗೇಂದ್ರರನ್ನು ಬಿಟ್ಟು ಫೋನಿಗೇ ಕೇಳಿದ್ದರು. ಗುರುಮಲ್ಲಪ್ಪ ಹೆಂಡತಿಯನ್ನೂ ಫೋನನ್ನೂ ನೋಡಿ, ಇದು ಓದಿದಂತಿಲ್ಲ, ಇಡೀ ಸೀಸನ್ ಆಗಲಿ ಎಂದರು. ಒಂದೇ ಷರತ್ತು: ಪ್ರತಿ ಕಂತಿಗೂ ಹೊಸ ಪುಸ್ತಕ, ಹೊಸ ಮಾತು.

ಮುಂದಿನ ವಾರಕ್ಕೆ ನಾಗೇಂದ್ರ ಆರಿಸಿಕೊಂಡಿರುವುದು ಜೇನು ಸಾಕಣೆ. ಜೇನುಪೆಟ್ಟಿಗೆ ಎಲ್ಲಿಡುವುದೆಂದು ಮನೆಯವರಿಗೆ ಇನ್ನೂ ಹೇಳಿಲ್ಲ.