ಕೊಂಡಿಯ ಮೇಲಿಲ್ಲದ ಮುದ್ರೆ

ಫೋಟೋದಲ್ಲಿ ಚಿನ್ನ ತೋರಿಸಿ ಅಭಿಪ್ರಾಯ ಕೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಒಡವೆ ತಾರದೆ ಫೋಟೋ ಮಾತ್ರ ತರುವವರು ಏನನ್ನೋ ಮುಚ್ಚಿಡುತ್ತಾರೆ ಎಂಬುದು ಕೊಪ್ಪದಲ್ಲಿ ಇಷ್ಟು ವರ್ಷ ಚಿನ್ನದ ಕೆಲಸ ಮಾಡಿ ನಾನು ಕಟ್ಟಿಕೊಂಡ ಲೆಕ್ಕಾಚಾರ. ಅನುಮಾನವೇ ನನ್ನ ಕಸುಬಿನ ಅರ್ಧ ಎಂದು ಜಂಬವೂ ಇತ್ತು.

ಆ ದಿನ ಮೇಗುಂದದಿಂದ ಬಂದ ಹೆಂಗಸು ಅಂಗಡಿಯ ಬೆಂಚಿನ ಮೇಲೆ ಕೂತು, ಸುತ್ತ ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಫೋನ್ ಮುಂದೆ ಹಿಡಿದರು.

"ಆಚಾರ್ರೇ, ಇದು ಸೊಸೆಗೆ ಮದುವೇಲಿ ನಾವು ಹಾಕಿದ ಸರ. ಇದು ಅಂಗಡೀಲಿ ತಗೊಂಡಾಗಿನ ಫೋಟೋ. ಇದು ಮೊನ್ನೆ ನಾನೇ ತೆಗೆದದ್ದು. ಅವಳು ಮೆಣಸೇಲಿರೋ ತವರಿಗೆ ಹೋಗಿ ಬಂದ ಮೇಲೆ ಎಂತದೋ ಬೇರೆ ಥರ ಕಾಣ್ತದೆ ಮಾರಾಯ್ರೆ."

ಮೊದಲ ಫೋಟೋ ಚೆನ್ನಾಗಿತ್ತು. ಸರದ ತುದಿಯ ಕೊಂಡಿಯ ಬುಡದಲ್ಲಿ ಅಕ್ಕಿಕಾಳಿನಷ್ಟು ಚಪ್ಪಟೆ ಜಾಗ. ಅದರ ಮೇಲೆ ಹಾಲ್‌ಮಾರ್ಕಿನ ತ್ರಿಕೋನದ ಗುರುತು, ಪಕ್ಕದಲ್ಲಿ 22K916, ಅದರಾಚೆ ಅಕ್ಷರವೂ ಅಂಕಿಯೂ ಸೇರಿ ಆರು ಇರುವ ನಂಬರು. ಆ ನಂಬರನ್ನು ಸರ್ಕಾರದ ಆ್ಯಪ್‌ನಲ್ಲಿ ಹಾಕಿ ನೋಡಿದೆ. ಇಪ್ಪತ್ತೆರಡು ಕ್ಯಾರೆಟ್, ಸರ ಎಂದೇ ಬಂತು. ಎರಡನೆಯ ಫೋಟೋದಲ್ಲಿ ಕೊಂಡಿ ಬೋಳು.

"ಉಂಗುರ, ಬಳೆ ಆದ್ರೆ ಒಳಗಡೆ ನೋಡ್ಬೇಕು, ಓಲೆಗೆ ಹಿಂದಿನ ಕಡ್ಡೀಲಿ. ಸರಕ್ಕೆ ಕೊಂಡಿ ಹತ್ರವೇ ಸೀಲು ಇರೋದು. ಎರಡೂ ತುದಿ ತಿರುಗಿಸಿ ತೆಗೆದಿದ್ದೀರಾ?" ಎಂದೆ.

ತೆಗೆದಿದ್ದರು. ಎರಡೂ ತುದಿ, ಹಿಂದೆ ಮುಂದೆ, ನಾಲ್ಕು ಫೋಟೋ. ಎಲ್ಲೂ ಗೀರೂ ಇಲ್ಲ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಸರ ತನ್ನಿ, ಒರೆಗೆ ಹಚ್ಚಿ ನೋಡೋಣ ಎನ್ನಬಹುದಿತ್ತು. ನನ್ನ ಬಾಯಿ ಸುಮ್ಮನಿರಲಿಲ್ಲ. "ಹೊಡೆದ ಸೀಲು ಹಾಕಿ ತೆಗೆದು ಮಾಡಿದ್ರೆ ಇಷ್ಟು ಬೇಗ ಸವೆಯೋದಿಲ್ಲ ಅಮ್ಮಾ. ಇದು ಆ ಸರ ಅಲ್ಲ," ಎಂದುಬಿಟ್ಟೆ. ಹೆಂಗಸು ಫೋನನ್ನು ಸೆರಗಿಗೆ ಒರೆಸಿಕೊಂಡು ಎದ್ದುಹೋದರು. ಮುಖದಲ್ಲಿ ಬೇಜಾರಿಗಿಂತ ಸಮಾಧಾನವೇ ಹೆಚ್ಚಿದ್ದಂತೆ ಕಂಡಿತು.

ಮರುದಿನ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಬಂದರು. ಹುಡುಗಿಯ ಕಣ್ಣು ಊದಿತ್ತು. ಸರವನ್ನು ಕತ್ತಿನಿಂದ ತೆಗೆದು ನನ್ನ ಮುಂದಿಟ್ಟಳು.

"ತವರಲ್ಲಿ ಕೊಂಡಿ ಮುರೀತು. ಅಪ್ಪ ಶೃಂಗೇರಿ ಅಂಗಡೀಲಿ ಕೊಟ್ಟು ಬೇರೆ ಹಾಕಿಸಿದ್ರು. ಬೈತಾರೆ ಅಂತ ಇಲ್ಲಿ ಹೇಳ್ಲಿಲ್ಲ, ಅಷ್ಟೇ ನನ್ನ ತಪ್ಪು. ಆಚಾರ್ರೇ ಹೇಳಿದಾರೆ, ಸರ ಮಾರಿ ಬೇರೆ ತಂದಿದೀಯ ಅಂತಾರೆ ಅತ್ತೆ. ಇವತ್ತು ಇತ್ಯರ್ಥ ಆಗದಿದ್ರೆ ವಾಪಸ್ ಮನೆಗೆ ಬರಬೇಡ ಅಂದಿದಾರೆ."

"ಕಥೆ ಕಟ್ಟೋದು ಸುಲಭ," ಎಂದರು ಅತ್ತೆ.

ನನಗೂ ಕಥೆಯೇ ಎನಿಸಿತು. ಒರೆಗಲ್ಲಿಗೆ ಉಜ್ಜಿ, ಆಸಿಡ್ ಹಾಕಿದೆ. ಗೆರೆ ಗಟ್ಟಿಯಾಗಿ ನಿಂತಿತು, ಅಪ್ಪಟ ಇಪ್ಪತ್ತೆರಡರ ಬಣ್ಣ. ಅತ್ತೆಯ ಫೋನಿನಲ್ಲಿದ್ದ ಹಳೆಯ ಫೋಟೋ ದೊಡ್ಡದು ಮಾಡಿ ಸರದ ಹೆಣಿಗೆ ನೋಡಿದೆ, ಅದೂ ಒಂದೇ. ಆದರೂ ಅನುಮಾನ ಬಿಡದೆ ಭೂತಗನ್ನಡಿ ಹಾಕಿಕೊಂಡು ಕೊಂಡಿಗೆ ಬಂದೆ.

ಕೊಂಡಿಯ ತುದಿ ಎಡಕ್ಕೆ ಅರ್ಧ ಸುತ್ತು ಹೆಚ್ಚು ತಿರುಗಿತ್ತು. ಈ ಮೂರು ತಾಲ್ಲೂಕಿನಲ್ಲಿ ಹಾಗೆ ತಿರುಗಿಸುವವನು ನಾನೊಬ್ಬನೇ. ಎಡಗೈ ಬಳಸುವವನು ನಾನು.

ಶೃಂಗೇರಿ, ನರಸಿಂಹರಾಜಪುರದ ಸಣ್ಣ ಅಂಗಡಿಗಳು ರಿಪೇರಿ ಕೆಲಸವನ್ನು ನನಗೇ ಕಳಿಸುತ್ತವೆ. ಪೊಟ್ಟಣದ ಮೇಲೆ ಮಾಲೀಕರ ಹೆಸರಿರುವುದಿಲ್ಲ. ಮುರಿದ ಕೊಂಡಿ ಕತ್ತರಿಸಿ, ಅಷ್ಟೇ ತೂಕದ್ದು ಹೊಸತು ಮಾಡಿ ಬೆಸೆದು ಕಳಿಸುತ್ತೇನೆ. ಕತ್ತರಿಸಿದ್ದು ಚೂರಿನ ಡಬ್ಬಕ್ಕೆ, ಅಲ್ಲಿಂದ ಕರಗಿಸುವ ಮೂಸೆಗೆ. ಮುದ್ರೆ ಇದ್ದ ಚಪ್ಪಟೆ ಜಾಗವೂ ಕೊಂಡಿಯ ಜೊತೆಗೇ ಹೋಗುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಯಾರಿಗೂ ಹೇಳುವ ರೂಢಿ ಇರಲಿಲ್ಲ. ಡಬ್ಬ ತೆರೆದು ನೋಡಿದೆ. ಹೋದ ವಾರವೇ ಕರಗಿಸಿಯಾಗಿತ್ತು.

ಸುಮ್ಮನೆ "ಸರ ಒಳ್ಳೇದೇ ಇದೆ" ಎಂದು ಕಳಿಸಿದರೆ ನನ್ನ ಮರ್ಯಾದೆ ಉಳಿಯುತ್ತಿತ್ತು, ಸರ ಬದಲಿಸಿದಳೆಂಬ ಮಾತು ಮಾತ್ರ ಅವಳ ಮೇಲಿಂದ ಹೋಗುತ್ತಿರಲಿಲ್ಲ. ಆ ಯೋಚನೆ ಬಂದದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

"ಇದೇ ಸರ ಅಮ್ಮಾ. ಸೀಲು ಕತ್ತರಿಸಿದ್ದು ನಾನು. ಕೊಂಡಿ ನನ್ನ ಕೈಕೆಲಸ. ನಿನ್ನೆ ನನ್ನ ಕೆಲಸ ನನಗೇ ಗುರುತು ಸಿಗ್ಲಿಲ್ಲ," ಎಂದೆ.

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ಗಿರಾಕಿಗಳನ್ನು ನೋಡುವ ನೋಟವೇ ಅದು. ಆಮೇಲೆ ಸೊಸೆಯ ಕಡೆ ತಿರುಗಿ, "ನಡಿ, ಬಸ್ಸಿಗೆ ಹೊತ್ತಾಯ್ತು," ಎಂದರು.

ಹುಡುಗಿ ಏಳಲಿಲ್ಲ. ಒಂದು ಖಾಲಿ ಚೀಟಿ ನನ್ನ ಮುಂದೆ ತಳ್ಳಿ ಫೋನ್ ತೆಗೆದಳು.

"ಈಗ ಹೇಳಿದ್ದನ್ನ ಬರೆದು ಸಹಿ ಹಾಕಿ. ಕೊಂಡಿ ಕೈಯಲ್ಲಿ ಹಿಡ್ಕೊಳ್ಳಿ, ಫೋಟೋದಲ್ಲಿ ನಿಮ್ಮ ಮುಖವೂ ಬರ್ಲಿ. ಬಾಯಲ್ಲಿ ಹೇಳಿದ್ದು ಸಾಲೋದಿಲ್ಲ ಆಚಾರ್ರೇ. ನಿನ್ನೆಯೂ ಬಾಯಲ್ಲೇ ಹೇಳಿದ್ದಲ್ವಾ?"